ದೀಪಾವಳಿ ಮುಗಿಯುವ ಮೊದಲೇ ಕೆಲಸ ಶುರುವಾಗಲಿ: ರಾಯಚೂರು ಜಿಲ್ಲಾ ಉಸ್ತುವಾರಿ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ, ನಮಸ್ಕಾರ.

ನಾನು ಮಸ್ಕಿ ತಾಲ್ಲೂಕಿನ ಒಣಬೇಸಾಯದ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತನಾದವನು. ದೀಪಾವಳಿ ಕಳೆದ ಮೇಲೆ ನಮ್ಮ ಹಾಜರಿ ಪುಸ್ತಕದಲ್ಲಿ ಗೈರುಹಾಜರಿ ಒಮ್ಮೆಲೇ ಜಾಸ್ತಿ ಆಗುತ್ತಿತ್ತು. ಮಕ್ಕಳು ಕೂಲಿ ಹುಡುಕಿ ಹೊರಟ ಅಪ್ಪ ಅಮ್ಮನ ಜೊತೆ ಬೆಂಗಳೂರಿಗೆ ಗುಳೆ ಹೋಗಿರುತ್ತಿದ್ದರು. ಗುಳೆ ತಡೆಯುತ್ತೇವೆ ಅಂತ ಪ್ರತಿ ಸರ್ಕಾರವೂ ಹೇಳಿದೆ. ಹೇಗೆ ತಡೆಯುತ್ತೀರಿ ಎನ್ನುವುದಕ್ಕಿಂತ ಯಾವ ತಿಂಗಳಲ್ಲಿ ತಡೆಯುತ್ತೀರಿ ಎನ್ನುವುದು ನನ್ನ ಪ್ರಶ್ನೆ.

ನಮ್ಮ ಜಿಲ್ಲೆ ಜನರನ್ನು ಕಳಿಸುವ ಜಿಲ್ಲೆ ಮಾತ್ರ ಅಲ್ಲ, ಕರೆಸಿಕೊಂಡ ಜಿಲ್ಲೆ ಕೂಡ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ನೀರು ಕೊಡಲು ಶುರುಮಾಡಿದ ಮೇಲೆ ಕರಾವಳಿ ಆಂಧ್ರದ ರೈತರು ಬಂದರು. ಆಗ ನಮ್ಮ ಜಿಲ್ಲೆಯಲ್ಲೇ ಇದ್ದ ಗಂಗಾವತಿ, ಕಾರಟಗಿ ಮತ್ತು ಸಿಂಧನೂರು ಸುತ್ತ ಭೂಮಿ ಕೊಂಡು ಕ್ಯಾಂಪ್ ಎನ್ನುವ ಹೊಸ ಊರುಗಳನ್ನು ಕಟ್ಟಿಕೊಂಡರು. ಭತ್ತದ ಬೇಸಾಯದ ಪಳಗಿದ ಕೈ ಅವರದ್ದು. ಅವರನ್ನು ನೋಡಿ ಇಲ್ಲಿಯವರೂ ಭತ್ತ ಹಾಕಿದರು. ರೈಸ್ ಮಿಲ್ ಬಂದವು, ಸಂತೆ ಬೆಳೆಯಿತು, ತೆಲುಗು ಮನೆಯ ಮಕ್ಕಳು ಕನ್ನಡ ಶಾಲೆಗೆ ಬಂದರು. ಸಿಂಧನೂರಿನ ಪಕ್ಕದಲ್ಲೇ ಪೂರ್ವ ಬಂಗಾಳದ ನಿರಾಶ್ರಿತರ ಕ್ಯಾಂಪ್‌ಗಳೂ ಇವೆ. ಬಂದವರಿಗೆ ನೆಲ ಸಿಕ್ಕಿತು, ವಿಳಾಸ ಸಿಕ್ಕಿತು, ಹಾಗಾಗಿ ಅವರು ಈ ನೆಲದವರೇ ಆದರು.

ಆದರೆ ಎಡದಂಡೆ ಕಾಲುವೆಯನ್ನು ಯೋಜಿಸಿದ್ದು ಬಹುಪಾಲು ಕಡಿಮೆ ನೀರಿನ ಬೆಳೆಗಳಿಗಾಗಿ, ಜೋಳ, ಹತ್ತಿಯಂಥವಕ್ಕೆ. ಮೇಲ್ಭಾಗದಲ್ಲಿ ಭತ್ತ ಹರಡಿದಂತೆ ಮಾನ್ವಿ, ರಾಯಚೂರು ಕಡೆಯ ಕೊನೆ ಭಾಗಕ್ಕೆ ನೀರು ತಲುಪುವುದು ಕಷ್ಟವಾಯಿತು. ಹೂಳು ತುಂಬಿ, 133 ಟಿಎಂಸಿ ಇದ್ದ ಜಲಾಶಯದ ಸಾಮರ್ಥ್ಯ ಸುಮಾರು 105ಕ್ಕೆ ಇಳಿಯಿತು. ಇದರಲ್ಲಿ ಕ್ಯಾಂಪಿನವರ ತಪ್ಪು ಹುಡುಕುವುದು ಸರಿಯಲ್ಲ. ನೀರು ಕಂಡ ರೈತ ಎಲ್ಲಿಯವನಾದರೂ ಭತ್ತವನ್ನೇ ಹಾಕುತ್ತಾನೆ. ಮಸ್ಕಿ, ಲಿಂಗಸುಗೂರು, ದೇವದುರ್ಗದ ಕಾಲುವೆ ಇಲ್ಲದ ಹಳ್ಳಿಗಳವರಿಗೆ ಆ ಗದ್ದೆಗಳಲ್ಲಿ ನಾಟಿ, ಕಳೆ, ಕೊಯ್ಲಿನ ಕೂಲಿ ಸಿಗುತ್ತಿತ್ತು. ಈಗ ಕೊಯ್ಲನ್ನು ಮಷಿನ್ ಮಾಡುತ್ತದೆ. ನವೆಂಬರ್, ಡಿಸೆಂಬರ್‌ನಲ್ಲಿ ಭತ್ತ ಕೊಯ್ಯುವಾಗ ಕೂಲಿಯವರನ್ನು ಕೇಳುವವರೇ ಕಡಿಮೆ. ಮುಂಗಡ ಕೊಟ್ಟು ಜನರನ್ನು ಕಟ್ಟಡದ ಕೆಲಸಕ್ಕೆ ಕರೆದೊಯ್ಯುವ ಮೇಸ್ತ್ರಿ ಊರಿಗೆ ಬರುವುದೂ ಅದೇ ಹೊತ್ತಿಗೆ.

ಲೆಕ್ಕ ತಿಳಿಯಲಿ ಅಂತ ಒಂದು ಮನೆ ಇಟ್ಟುಕೊಳ್ಳೋಣ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ವಯಸ್ಸಾದ ಅತ್ತೆ. ಮೂರು ಎಕರೆ ಮಸಾರಿ, ಅಂದರೆ ಕೆಂಪು ಮಣ್ಣಿನ ನೆಲ, ಸಜ್ಜೆ ಕೊಯ್ದು ಆಗಿದೆ. ಬೀಜ ಗೊಬ್ಬರದ ಅಂಗಡಿಯಲ್ಲಿ ಬಾಕಿ ಇದೆ, ಸಂಘದ ಸಾಲದ ಕಂತು ವಾರವಾರ ಕಟ್ಟಬೇಕು. ಮೇಸ್ತ್ರಿ ಬಂದು ಗಂಡ ಹೆಂಡತಿಗೆ ಸೇರಿ 60,000 ರೂಪಾಯಿ ಮುಂಗಡ ಕೊಡುತ್ತಾನೆ ಅಂದುಕೊಳ್ಳಿ. ಅದೇ ದಿನ, ಕೈಗೆ, ನಗದು. ಇತ್ತ ಉದ್ಯೋಗ ಖಾತ್ರಿ ಕೂಲಿ 2025-26ರಲ್ಲಿ ದಿನಕ್ಕೆ 370 ರೂಪಾಯಿ. ಹಳೆ ಉದ್ಯೋಗ ಖಾತ್ರಿ ಕಾನೂನಿನಲ್ಲಿ ವರ್ಷಕ್ಕೆ ಸಿಗುವ 100 ದಿನ ಇಡೀ ಮನೆಗೆ ಸೇರಿ. ಗಂಡ ಹೆಂಡತಿ ಇಬ್ಬರೂ ಹೋದರೆ 50 ದಿನಕ್ಕೆ ಮುಗಿಯುತ್ತದೆ, ಒಟ್ಟು 37,000 ರೂಪಾಯಿ. ಅದೂ ಕೆಲಸ ಕೇಳುವ ನಮೂನೆ 6 ಕೊಟ್ಟು, ಎನ್‌ಎಂಆರ್ ಎನ್ನುವ ಕೂಲಿಯವರ ಹಾಜರಿ ಪಟ್ಟಿ ತೆಗೆಸಿ, ಜೂನಿಯರ್ ಎಂಜಿನಿಯರ್ ಬಂದು ಅಳತೆ ಮಾಡಿ, ಆಮೇಲೆ ಖಾತೆಗೆ. ಹದಿನೈದು ದಿನದೊಳಗೆ ಹಣ ಕೊಡಬೇಕು ಅಂತ ಕಾನೂನಿದ್ದರೂ, ತಡವಾದರೆ ಸಂಘದವರು ಕಾಯುವುದಿಲ್ಲ. ಜನ ಸೋಮಾರಿಗಳು, ಊರಿನ ಕೆಲಸ ಬೇಡ ಅಂತಾರೆ ಎನ್ನುವ ಮಾತು ಸಭೆಗಳಲ್ಲಿ ಕೇಳಿ ನನಗೆ ತುಂಬ ನೋವಾಗಿದೆ. ಅವರು ಹಣ ಸಿಗುವ ದಿನವನ್ನು ನೋಡುತ್ತಾರೆ, ಅಷ್ಟೇ.

ಇನ್ನೊಂದು ತೊಡಕು ಪಂಚಾಯಿತಿಯ ಕ್ರಿಯಾ ಯೋಜನೆಯೊಳಗೇ ಇದೆ. ಅದರಲ್ಲಿ ಹೊಲದ ಬದು ಕೆಲಸವೇ ಜಾಸ್ತಿ. ಎರೆ, ಅಂದರೆ ಕಪ್ಪು ಮಣ್ಣಿನ ನೆಲದಲ್ಲಿ ನವೆಂಬರ್‌ನಿಂದ ಫೆಬ್ರವರಿಯ ತನಕ ಹಿಂಗಾರಿ ಜೋಳ, ಕಡಲೆ ನಿಂತಿರುತ್ತವೆ. ಬೆಳೆ ನಿಂತ ಹೊಲದಲ್ಲಿ ಬದು ಹಾಕಲು ಆಗುವುದಿಲ್ಲ ಅಲ್ವಾ? ಹಾಗಾಗಿ ಕೆಲಸ ಶುರುವಾಗುವುದು ಬೇಸಿಗೆಯಲ್ಲಿ. ಅಷ್ಟರಲ್ಲಿ ಗುಳೆ ಹೋದವರು ಹೋಗಿ ನಾಲ್ಕು ತಿಂಗಳಾಗಿರುತ್ತದೆ. ಗುಳೆಯ ತಿಂಗಳಲ್ಲಿ ಮಾಡಬಹುದಾದ ಕೆಲಸ ಬೇರೆ ಇವೆ. ಹಳ್ಳದ ಹೂಳು ತೆಗೆಯಬಹುದು, ಹೊಲದ ದಾರಿ ಮಾಡಬಹುದು, ಗೋಮಾಳದಲ್ಲಿ ಟ್ರೆಂಚ್, ಗಿಡಕ್ಕೆ ಗುಂಡಿ ತೋಡಬಹುದು. ಸಜ್ಜೆ ಕೊಯ್ದು ಖಾಲಿಯಾದ ಮಸಾರಿ ಹೊಲಗಳಿಗೆ ಬದುವನ್ನೂ ಹಾಕಬಹುದು. ಇವುಗಳ ಅಂದಾಜು ಪತ್ರಿಕೆ ಸೆಪ್ಟೆಂಬರ್‌ನಲ್ಲೇ ಮಂಜೂರಾಗಿ ಕೂತಿರಬೇಕು. ಗಂಡ ಹೆಂಡತಿ ನವೆಂಬರ್‌ನಲ್ಲಿ 25 ದಿನ ದುಡಿದರೆ 18,500 ರೂಪಾಯಿ. ಮೇಸ್ತ್ರಿಯ ಮುಂಗಡಕ್ಕೆ ಇದು ಸಮ ಅಲ್ಲ, ದೊಡ್ಡ ಸಾಲ ಇರುವವರು ಹೋಗಿಯೇ ಹೋಗುತ್ತಾರೆ. ಆದರೆ ಅಂಗಡಿ ಬಾಕಿ, ಸಂಘದ ಕಂತಿನ ಒತ್ತಡಕ್ಕೆ ಮಾತ್ರ ಹೋಗುವ ಮನೆಗಳು ಉಳಿಯುತ್ತವೆ.

ಈಗ ಹೊಸ ಆತಂಕ ಒಂದಿದೆ, ಈ ಪತ್ರ ಬರೆಯಲು ಮುಖ್ಯ ಕಾರಣವೂ ಅದೇ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿದ ಹೊಸ ಉದ್ಯೋಗ ಖಾತ್ರಿ ಕಾನೂನಿನಲ್ಲಿ 125 ದಿನದ ಕೆಲಸ ಇದೆ. ಜೊತೆಗೆ ಬಿತ್ತನೆ, ಕೊಯ್ಲಿನ ಕಾಲದಲ್ಲಿ ಒಟ್ಟು 60 ದಿನ ಕೆಲಸ ನಿಲ್ಲಿಸಬೇಕು, ಆ ದಿನಗಳನ್ನು ರಾಜ್ಯ ಸರ್ಕಾರ ಮೊದಲೇ ಹೇಳಬೇಕು ಅಂತಲೂ ಇದೆ. ಇಡೀ ಜಿಲ್ಲೆಗೆ ಸಿಂಧನೂರಿನ ಭತ್ತದ ಕೊಯ್ಲನ್ನೇ ನೋಡಿ ದಿನ ಗೊತ್ತುಮಾಡಿದರೆ ನವೆಂಬರ್, ಡಿಸೆಂಬರ್ ಎರಡೂ ಹೋಗುತ್ತವೆ. ಅಂದರೆ ಮೇಸ್ತ್ರಿ ಬರುವ ಹೊತ್ತಿಗೆ ಸರಿಯಾಗಿ ಸರ್ಕಾರಿ ಕೆಲಸ ಬಂದ್. ದಯವಿಟ್ಟು ಕಾಲುವೆ ಹಳ್ಳಿಗಳಿಗೆ ಬೇರೆ, ಒಣ ಹಳ್ಳಿಗಳಿಗೆ ಬೇರೆ ದಿನ ಇಡಿಸಿ. ನಮ್ಮ ಕಡೆ ನಿಲ್ಲಿಸಲೇಬೇಕು ಅಂದರೆ ಜೂನ್, ಜುಲೈನ ಬಿತ್ತನೆಯಲ್ಲಿ ನಿಲ್ಲಿಸಿ.

ಹೋದವರ ವಿಷಯಕ್ಕೆ ಬರುತ್ತೇನೆ. ಬೆಂಗಳೂರಿನ ಅಪಾರ್ಟ್‌ಮೆಂಟು, ರಸ್ತೆ, ಚರಂಡಿ ಎಲ್ಲದರಲ್ಲೂ ನಮ್ಮವರ ದುಡಿಮೆ ಇದೆ. ಆದರೂ ಆ ಊರಲ್ಲಿ ಅವರಿಗೆ ವಿಳಾಸ ಇಲ್ಲ. ಖಾಲಿ ಸೈಟಿನ ತಗಡಿನ ಶೆಡ್ಡಿನಲ್ಲಿ ಇರುತ್ತಾರೆ, ಕಟ್ಟಡ ಮುಗಿದರೆ ಶೆಡ್ ಎತ್ತುತ್ತಾರೆ. 1979ರಲ್ಲಿ ಬಂದ ವಲಸೆ ಕಾರ್ಮಿಕರ ಕಾನೂನು ಇದ್ದದ್ದು ರಾಜ್ಯ ದಾಟಿ ಹೋಗುವವರಿಗೆ ಮಾತ್ರ. ಮೇಸ್ತ್ರಿ ನಮ್ಮವರನ್ನು ಪುಣೆಗೆ ಒಯ್ದರೆ ಆ ಕಾನೂನಿನಂತೆ ಹೆಸರು ಬರೆಸಬೇಕಿತ್ತು, ಬೆಂಗಳೂರಿಗೆ ಒಯ್ದರೆ ಬೇಕಿರಲಿಲ್ಲ. ರಾಜ್ಯದ ಒಳಗೇ ಹೋಗುವವರ ಪಟ್ಟಿಯನ್ನು ಇಡುವುದಕ್ಕೆ ಯಾರಪ್ಪಣೆಯೂ ಬೇಕಿಲ್ಲ. ಪಿಡಿಒ ಹತ್ತಿರ ಒಂದು ರಿಜಿಸ್ಟರ್ ಇದ್ದರೆ ಸಾಕು. ಯಾರು, ಯಾವ ಮೇಸ್ತ್ರಿ ಜೊತೆ, ಎಷ್ಟು ಮುಂಗಡಕ್ಕೆ, ಎಲ್ಲಿಗೆ ಹೋದರು ಎನ್ನುವುದು ಅದರಲ್ಲಿರಲಿ. ಸೈಟಿನಲ್ಲಿ ಬಿದ್ದು ಸತ್ತವರ ಮನೆಯವರು ಪರಿಹಾರ ಕೇಳಲು ಹೋದಾಗ ಮೊದಲು ಬೇಕಾಗುವುದು ಇದೇ ದಾಖಲೆ.

ಮಕ್ಕಳ ವಿಷಯ ಆ ರಿಜಿಸ್ಟರ್ ಜೊತೆಗೇ ಇದೆ. ಗುಳೆ ಮಕ್ಕಳಿಗೆ ಋತುಮಾನದ ವಸತಿ ಶಾಲೆ ಎನ್ನುವ ಏರ್ಪಾಡು ಸಮಗ್ರ ಶಿಕ್ಷಣದಲ್ಲಿ ಇದೆ. ಅದನ್ನು ತಡವಾಗಿ ತೆರೆದರೆ ಸುಮ್ನೆ ಖರ್ಚು. ಮೇಸ್ತ್ರಿಯ ಗಾಡಿ ಊರಿಗೆ ಬರುವ ಮುಂಚೆ ಅಲ್ಲಿ ಅಡುಗೆಯವರು, ವಾರ್ಡನ್, ಹಾಸಿಗೆ ಎಲ್ಲ ಇರಬೇಕು. ಇಲ್ಲಾಂದರೆ ಯಾವ ತಾಯಿ ತಾನೇ ಮಗಳನ್ನು ಬಿಟ್ಟು ಹೋಗುತ್ತಾಳೆ? ಅಜ್ಜಿಯ ಹತ್ತಿರ ಬಿಟ್ಟ ಮಗು ಶಾಲೆಗೆ ಬರುತ್ತದೆ, ಆದರೆ ಆ ಮುದುಕಿಗೆ ಹುಷಾರು ತಪ್ಪಿದ ದಿನ ಅಡುಗೆ ಮಾಡಿ ಹಾಕುವುದೂ ಆ ಮಗುವೇ. ಐದನೇ ತರಗತಿಯ ಹುಡುಗಿಯರು ಹೀಗೆ ಶಾಲೆ ಬಿಟ್ಟದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಜಿಲ್ಲೆಯ ಕೆಲಸಗಳ ಪ್ರಗತಿ ನೋಡುವ ಈ ಸಲದ ಕೆಡಿಪಿ ಸಭೆಯಲ್ಲಿ ಒಂದೇ ಪ್ರಶ್ನೆ ಕೇಳಿ. ಒಣ ಹಳ್ಳಿಗಳ ಪ್ರತಿ ಪಂಚಾಯಿತಿಯಲ್ಲೂ ನವೆಂಬರ್ ಮೊದಲ ವಾರ ಎಷ್ಟು ಎನ್‌ಎಂಆರ್ ತೆಗೆದಿರಿ, ಅದರ ಕೂಲಿ ಯಾವ ತಾರೀಖಿಗೆ ಖಾತೆಗೆ ಬಿತ್ತು? ಅಧಿಕಾರಿಗಳು ಕೊಡುವ ಉತ್ತರವನ್ನು ಪಂಚಾಯಿತಿವಾರು ಪ್ರಕಟಿಸಿ. ನಮ್ಮ ಊರಿನವರು ಅದನ್ನು ತಮ್ಮ ಪಾಸ್‌ಬುಕ್ ಜೊತೆ ಇಟ್ಟು ನೋಡುತ್ತಾರೆ.

ಇಂತಿ,
ಮಸ್ಕಿ ತಾಲ್ಲೂಕಿನ ಒಬ್ಬ ನಿವೃತ್ತ ಶಿಕ್ಷಕ