ಕುಂದುಕೊರತೆ ಸಮಿತಿ ಸುಮ್ಮನಿದ್ದರೆ ಮುಂದೇನು?

ಮಾನ್ಯರೇ,

ಸೀಟು ಬಿಟ್ಟ ವಿದ್ಯಾರ್ಥಿಗೆ ಮೂಲ ಅಂಕಪಟ್ಟಿ ವಾಪಸ್ ಕೊಡದೆ ಅಲೆದಾಡಿಸುವ ಕಾಲೇಜುಗಳ ಬಗ್ಗೆ ಪ್ರತಿವರ್ಷ ದೂರುಗಳು ಬರುತ್ತವೆ. ಯುಜಿಸಿಯ 2023ರ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ನಿಯಮಗಳ ಪ್ರಕಾರ ದಾಖಲೆ ತಡೆಹಿಡಿಯುವುದು ಸ್ಪಷ್ಟವಾಗಿ ಕುಂದುಕೊರತೆಯೇ. ಆದರೂ ಎಷ್ಟೋ ದೂರುಗಳು ವಿಭಾಗದ ಮುಖ್ಯಸ್ಥರ ಕೊಠಡಿಯಲ್ಲೇ ಮುಗಿದುಹೋಗುತ್ತವೆ, ಏಕೆಂದರೆ ಬಾಯಿಮಾತಿನ ದೂರಿಗೆ ತಾರೀಕು ಇರುವುದಿಲ್ಲ. ತಾರೀಕು ಇಲ್ಲದಿದ್ದರೆ ಗಡುವು ಎಣಿಸುವುದು ಎಲ್ಲಿಂದ?

ಜೂನ್ 2ರಂದು ಸಂಸ್ಥೆಯ ಆನ್‌ಲೈನ್ ಪೋರ್ಟಲ್‌ನಲ್ಲಿ ದೂರು ಹಾಕಿದರು ಎಂದುಕೊಳ್ಳಿ. ಸಂಸ್ಥೆ ತನ್ನ ಅಭಿಪ್ರಾಯದ ಜೊತೆ ಅದನ್ನು 15 ದಿನಗಳೊಳಗೆ, ಅಂದರೆ ಜೂನ್ 17ರ ಹೊತ್ತಿಗೆ, ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿಗೆ ಕಳಿಸಬೇಕು. ಸಮಿತಿ ವಿಚಾರಣೆ ನಡೆಸಿ ಸಾಧ್ಯವಾದಷ್ಟು 15 ಕೆಲಸದ ದಿನಗಳೊಳಗೆ ವರದಿ ಕೊಡಬೇಕು, ಅದರ ನಕಲು ವಿದ್ಯಾರ್ಥಿಗೂ ಸಿಗಬೇಕು. ಭಾನುವಾರ, ರಜೆ ಕಳೆದರೆ ಅದು ಜುಲೈ ಮೊದಲ ವಾರ. ಜುಲೈ 7ರಂದು ತೀರ್ಮಾನ ಕೈಸೇರಿ ಅದು ಸರಿಯಿಲ್ಲ ಅನಿಸಿದರೆ, ವಿಶ್ವವಿದ್ಯಾಲಯ ನೇಮಿಸಿದ, ಇಂಥ ದೂರು ಆಲಿಸುವ ಅಧಿಕಾರಿಯಾದ ಒಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಸಲ್ಲಿಸಲು ಜುಲೈ 22ರವರೆಗೆ ಸಮಯ. ಅವರು 30 ದಿನಗಳಲ್ಲಿ ಇತ್ಯರ್ಥಪಡಿಸಲು ಪ್ರಯತ್ನಿಸಬೇಕು. ಒಟ್ಟು ಲೆಕ್ಕ ಹಾಕಿದರೆ ಹತ್ತಿರಹತ್ತಿರ 80 ದಿನ. ಬೇರೆ ಕಾಲೇಜಿನ ದಾಖಲಾತಿ ಮೂರು ವಾರದಲ್ಲಿ ಮುಗಿಯುವುದಿದ್ದರೆ ಆ ಕೊನೆಯ ದಿನಾಂಕವನ್ನು ದೂರಿನ ಮೊದಲ ಸಾಲಿನಲ್ಲೇ ಬರೆದು, ಅದರ ಪುರಾವೆಯನ್ನೂ ಲಗತ್ತಿಸಬೇಕು.

ನಿಜವಾಗಿ ಎಡವುವುದು ಸಮಿತಿ ಏನೂ ಹೇಳದಿದ್ದಾಗ. ಮೇಲ್ಮನವಿಗೆ ಒಂದು ತೀರ್ಮಾನ ಬೇಕು. ತೀರ್ಮಾನವೇ ಇಲ್ಲದಿದ್ದರೆ ‘ಮೊದಲು ಸಮಿತಿಗೆ ಹೋಗಿ’ ಎಂದು ಅರ್ಜಿ ವಾಪಸಾಗಬಹುದು. ಗಡುವಿನೊಳಗೆ ಬಗೆಹರಿಯದ ದೂರನ್ನು ವಿಶ್ವವಿದ್ಯಾಲಯವೇ ಒಂಬುಡ್ಸ್‌ಪರ್ಸನ್‌ಗೆ ಒಪ್ಪಿಸಲು ನಿಯಮದಲ್ಲಿ ಅವಕಾಶವಿದೆ. ಹಾಗಾಗಿ ಗಡುವು ದಾಟಿದ ಮರುದಿನವೇ ಕುಲಸಚಿವರಿಗೆ ಒಂದು ಪುಟದ ಪತ್ರ ಕೊಡಿ: ದೂರಿನ ಸಂಖ್ಯೆ, ಹಾಕಿದ ದಿನ, ಗಡುವು ಮುಗಿದ ದಿನ, ‘ಒಂಬುಡ್ಸ್‌ಪರ್ಸನ್‌ಗೆ ಒಪ್ಪಿಸಬೇಕು’ ಎಂಬ ಕೋರಿಕೆ. ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು, ಸಹಿ, ದಿನಾಂಕ ಹಾಕಿಸಿಕೊಳ್ಳದೆ ಬರಬೇಡಿ.

ಅಂಕ ಕಡಿಮೆ ಬಂತು, ಮರುಮೌಲ್ಯಮಾಪನ ಬೇಕು ಎಂಬ ಮನವಿಯನ್ನು ಮಾತ್ರ ಒಂಬುಡ್ಸ್‌ಪರ್ಸನ್ ಕೈಗೆತ್ತಿಕೊಳ್ಳುವುದಿಲ್ಲ. ಫಲಿತಾಂಶವನ್ನೇ ಬದಲಿಸುವಂಥ ನಿರ್ದಿಷ್ಟ ಅಕ್ರಮ ಅಥವಾ ತಾರತಮ್ಯವನ್ನು ಎತ್ತಿ ತೋರಿಸಬೇಕಾಗುತ್ತದೆ.

ವಿಶ್ವವಿದ್ಯಾಲಯಗಳಿಗೆ ನಮ್ಮ ಕೋರಿಕೆ ಇಷ್ಟೇ: ಪೋರ್ಟಲ್‌ನಲ್ಲಿ ‘ಪರಿಶೀಲನೆಯಲ್ಲಿದೆ’ ಎಂದಷ್ಟೇ ತೋರಿಸದೆ, ದೂರು ಸಮಿತಿಗೆ ಹೋದ ದಿನವನ್ನೂ ವರದಿ ಬರಬೇಕಾದ ದಿನವನ್ನೂ ಅದರ ಪಕ್ಕದಲ್ಲೇ ನಮೂದಿಸಿ.

– ವಿದ್ಯಾರ್ಥಿಗಳ ದೂರು ಅರ್ಜಿಗಳಿಗೆ ನೆರವಾಗುವ ಅಧ್ಯಾಪಕರು