ಚೆಕ್ ಬೌನ್ಸ್ ಆದಾಗ ನಿಮ್ಮ ಸ್ಟೇಟ್‌ಮೆಂಟ್‌ನಲ್ಲಿ ಇನ್ಮೇಲೆ ಏನೇನ್ ಕಾಣತ್ತೆ

ಗ್ರಾಹಕ ಮಿತ್ರರಿಗೆ ನಮಸ್ಕಾರ,

ಬರೋ ತಿಂಗಳಿಂದ ನಾವು ಕಳಿಸೋ ಅಕೌಂಟ್ ಸ್ಟೇಟ್‌ಮೆಂಟ್‌ನಲ್ಲಿ ಒಂದು ಬದಲಾವಣೆ ಇದೆ. ಯಾರ ಚೆಕ್ಕೂ ಬೌನ್ಸ್ ಆಗಿಲ್ಲ ಅಂದ್ರೆ ನಿಮಗೆ ಏನೂ ವ್ಯತ್ಯಾಸ ಗೊತ್ತಾಗಲ್ಲ. ಆದ್ರೆ ಆಯ್ತು ಅಂತಿಟ್ಕೊಳ್ಳಿ, ಇಷ್ಟು ದಿನ ಚೆಕ್ ಮೊತ್ತ, ಬ್ಯಾಂಕ್ ಚಾರ್ಜ್ ಎಲ್ಲಾ ಕೂಡಿಸಿ ಒಂದೇ ಸಾಲಲ್ಲಿ ಬಾಕಿ ಅಂತ ತೋರಿಸ್ತಿದ್ವಲ್ಲ, ಅದು ಇನ್ಮೇಲೆ ಬೇರೆ ಬೇರೆ ಸಾಲುಗಳಾಗಿ ಬರತ್ತೆ, ಮೊದಲು ಬಂದಿದ್ದ ರಸೀದಿ ಎಂಟ್ರಿ ಕೂಡ ಅಳಿಸಿ ಹೋಗದೆ ಹಾಗೇ ಕಾಣ್ತಾ ಇರತ್ತೆ. ಅದನ್ನ ನೋಡಿ "ಇದೇನು ಎರಡೆರಡು ಸಲ ಹಾಕಿದ್ದಾರೆ" ಅಂತ ಅನ್ನಿಸಬಾರದು ಅಂತ ಈ ಪತ್ರ.

ಒಂದು ಲೆಕ್ಕ ಇಟ್ಕೊಂಡು ಹೇಳಿದ್ರೆ ಸುಲಭ. ಏಪ್ರಿಲ್ 10ಕ್ಕೆ ನಿಮಗೆ 40,000ದ ಬಿಲ್ ಆಗಿದೆ, ಕೊಡೋಕೆ 30 ದಿನ ಟೈಮ್ ಇದೆ, 20 ದಿನದೊಳಗೆ ಕೊಟ್ರೆ ಶೇಕಡಾ 2 ಡಿಸ್ಕೌಂಟ್ ಅಂತ ಮಾತಾಗಿದೆ. ನೀವು ಏಪ್ರಿಲ್ 28ಕ್ಕೆ ಡಿಸ್ಕೌಂಟ್ 800 ಕಳೆದು 39,200ಕ್ಕೆ ಚೆಕ್ ಕೊಟ್ರಿ. ಅವತ್ತೇ ನಮ್ಮ ಪುಸ್ತಕದಲ್ಲಿ ಬ್ಯಾಂಕ್ ಖಾತೆಗೆ 39,200 ಡೆಬಿಟ್, ಡಿಸ್ಕೌಂಟ್ ಖಾತೆಗೆ 800 ಡೆಬಿಟ್, ನಿಮ್ಮ ಖಾತೆಗೆ ಪೂರ್ತಿ 40,000 ಕ್ರೆಡಿಟ್. ಅಲ್ಲಿಗೆ ಬಿಲ್ ಕ್ಲೋಸ್, ಏಪ್ರಿಲ್ ಕೊನೇ ಸ್ಟೇಟ್‌ಮೆಂಟ್‌ನಲ್ಲಿ ನಿಮ್ಮ ಬಾಕಿ ಸೊನ್ನೆ. ಆಮೇಲೆ ಮೇ 3ಕ್ಕೆ ಚೆಕ್ ವಾಪಸ್ ಬಂತು, ಜೊತೆಗೆ ಬ್ಯಾಂಕಿನವರು ರಿಟರ್ನ್ ಚಾರ್ಜ್ ಅಂತ ತೆರಿಗೆ ಸೇರಿಸಿ 350 ನಮ್ಮ ಖಾತೆಯಿಂದ ಕಟ್ ಮಾಡ್ಕೊಂಡ್ರು.

ಇಲ್ಲಿ ಮೊದಲು ಕೈ ಹೋಗೋದು ಏಪ್ರಿಲ್ 28ರ ರಸೀದಿ ಎಂಟ್ರಿನ ಡಿಲೀಟ್ ಮಾಡೋಕೆ, ದುಡ್ಡೇ ಬಂದಿಲ್ಲ ಅಂದ್ಮೇಲೆ ರಸೀದಿ ಯಾಕೆ ಅಂತ. ಆದ್ರೆ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ನೋಡಿ, ಅಲ್ಲಿ ಏಪ್ರಿಲ್‌ನಲ್ಲಿ 39,200 ಜಮಾ ಆಗಿದ್ದೂ ಇರತ್ತೆ, ಮೇ 3ಕ್ಕೆ ಅದೇ 39,200 ವಾಪಸ್ ಹೋಗಿದ್ದೂ ಇರತ್ತೆ, ಎರಡು ಸಾಲು. ನಮ್ಮ ಪುಸ್ತಕದಲ್ಲಿ ರಸೀದಿ ಅಳಿಸಿಬಿಟ್ರೆ ಏಪ್ರಿಲ್ ಕೊನೇ ಬ್ಯಾಂಕ್ ಬ್ಯಾಲೆನ್ಸ್ 39,200 ಕಮ್ಮಿ ತೋರಿಸತ್ತೆ, ಆಗಲೇ ಟ್ಯಾಲಿ ಮಾಡಿ ಮುಗಿಸಿದ್ದ ತಿಂಗಳು ಮತ್ತೆ ಬಿಚ್ಚಿಕೊಳ್ಳತ್ತೆ, ನಿಮ್ಮ ಕೈಲಿರೋ ಏಪ್ರಿಲ್ ಸ್ಟೇಟ್‌ಮೆಂಟ್ ಒಂದು ಹೇಳತ್ತೆ ನಮ್ಮ ಲೆಡ್ಜರ್ ಇನ್ನೊಂದು ಹೇಳತ್ತೆ. ಅದಕ್ಕೇ ರಸೀದಿನ ಮುಟ್ಟಲ್ಲ. ಮೇ 3ರ ತಾರೀಕಿಗೆ ಒಂದು ಉಲ್ಟಾ ಎಂಟ್ರಿ ಹಾಕ್ತೀವಿ, ಅಂದ್ರೆ ನಿಮ್ಮ ಖಾತೆಗೆ 39,200 ಡೆಬಿಟ್, ಬ್ಯಾಂಕಿಗೆ 39,200 ಕ್ರೆಡಿಟ್, ವಿವರಣೆಯಲ್ಲಿ ಚೆಕ್ ನಂಬರ್ ಮತ್ತೆ ವಾಪಸ್ ಬಂದ ಕಾರಣ. ಬ್ಯಾಂಕ್ ಯಾವ ದಿನ ವಾಪಸ್ ಮಾಡಿದೆಯೋ ಆ ತಾರೀಕೇ ಹಾಕೋದು, ರಿಟರ್ನ್ ಮೆಮೊ ನಮ್ಮ ಕೈಗೆ ಸೇರಿದ ದಿನ ಅಲ್ಲ.

ಇಷ್ಟಕ್ಕೇ ನಿಲ್ಲಿಸಿದ್ರೆ ನಿಮ್ಮ ಖಾತೇಲಿ ಬಾಕಿ 39,200 ಆಗತ್ತೆ, ಬಿಲ್ ಇದ್ದಿದ್ದು 40,000. ಉಳಿದ 800 ಎಲ್ಲೋಯ್ತು ಅಂದ್ರೆ ಅದು ಡಿಸ್ಕೌಂಟ್ ಖಾತೇಲೇ ಕೂತಿರತ್ತೆ. ಟೈಮಿಗೆ ದುಡ್ಡು ಬಂತು ಅಂತ ಕೊಟ್ಟ ಡಿಸ್ಕೌಂಟ್ ಅದು, ದುಡ್ಡೇ ನಿಲ್ಲಲಿಲ್ಲ ಅಂದ್ಮೇಲೆ ಅದೂ ವಾಪಸ್ ಬರಬೇಕು. ಆದ್ರಿಂದ ಅದೇ ದಿನ ನಿಮ್ಮ ಖಾತೆಗೆ ಇನ್ನೊಂದು 800 ಡೆಬಿಟ್, ಡಿಸ್ಕೌಂಟ್ ಖಾತೆಗೆ ಕ್ರೆಡಿಟ್. ಚೆಕ್ ಮೊತ್ತ ಒಂದನ್ನೇ ನೋಡಿ ಉಲ್ಟಾ ಹಾಕೋ ಕಡೆ ಈ ಸಣ್ಣ ಮೊತ್ತ ತಪ್ಪಿಸ್ಕೊಳ್ಳತ್ತೆ, ವರ್ಷದ ಕೊನೇಲಿ ಬ್ಯಾಲೆನ್ಸ್ ಕನ್ಫರ್ಮ್ ಮಾಡುವಾಗ "800 ಯಾಕೆ ಹೊಂದ್ತಿಲ್ಲ" ಅಂತ ಇಬ್ಬರೂ ಹುಡುಕ್ತಾ ಕೂರಬೇಕಾಗತ್ತೆ. ಒಂದು ವಿಷಯ, ಸಹಿ ಹೊಂದಿಲ್ಲ ಅಥವಾ ಅಕ್ಷರದಲ್ಲಿ ಬರೆದ ಮೊತ್ತ ಅಂಕಿಗೆ ಸರಿಹೋಗ್ತಿಲ್ಲ ಅನ್ನೋ ಥರದ ಕಾರಣಕ್ಕೆ ಚೆಕ್ ವಾಪಸ್ ಬಂದು, 20 ದಿನ ಮುಗಿಯೋದ್ರೊಳಗೇ ನೀವು ಟ್ರಾನ್ಸ್‌ಫರ್ ಮಾಡಿಬಿಟ್ರೆ ಡಿಸ್ಕೌಂಟ್ ನಿಮ್ಮದೇ, ಅದನ್ನ ಹೊಸ ರಸೀದಿಯಲ್ಲಿ ಮತ್ತೆ ಕೊಡ್ತೀವಿ. ಮೇಲಿನ ಲೆಕ್ಕದಲ್ಲಿ ಚೆಕ್ ವಾಪಸ್ ಬರೋ ಹೊತ್ತಿಗೇ ಆ ಗಡುವು ದಾಟಿತ್ತು, ಅಷ್ಟೇ.

ಈಗ ಸ್ವಲ್ಪ ಗಮನ ಇಟ್ಟು ನೋಡಬೇಕಾದ್ದು ಬಿಲ್ ಮತ್ತೆ ತೆರೆಯೋ ವಿಷಯ. ಖಾತೆಗೆ 40,000 ಡೆಬಿಟ್ ಬಿತ್ತು ಅಂದ ಮಾತ್ರಕ್ಕೆ ಹಳೇ ಬಿಲ್ ತಾನಾಗೇ ಬಾಕಿ ಪಟ್ಟಿಗೆ ವಾಪಸ್ ಬರಲ್ಲ, ಉಲ್ಟಾ ಎಂಟ್ರಿನ ಆ ಬಿಲ್ ನಂಬರಿಗೇ ಲಿಂಕ್ ಮಾಡಬೇಕು. ಲಿಂಕ್ ಮಾಡದೆ ಸುಮ್ನೆ ಖಾತೆಗೆ ಹಾಕಿಬಿಟ್ರೆ ಸಾಫ್ಟ್‌ವೇರ್ ಪ್ರಕಾರ ಏಪ್ರಿಲ್ 10ರ ಬಿಲ್ ಪಾವತಿ ಆಗಿದೆ, ಅದರ ಪಕ್ಕ ಮೇ 3ರ ತಾರೀಕಿನ ಯಾವುದೋ ಹೆಸರಿಲ್ಲದ ಬಾಕಿ ನಿಂತಿದೆ. ಒಟ್ಟು ಮೊತ್ತ ಸರಿಯಾಗೇ ಇರತ್ತೆ, ಅದಕ್ಕೇ ಯಾರ ಕಣ್ಣಿಗೂ ಬೀಳಲ್ಲ. ಗೊತ್ತಾಗೋದು ಬಾಕಿ ಎಷ್ಟು ದಿನದ್ದು ಅಂತ ಪಟ್ಟಿ ತೆಗೆದಾಗ, ಹಳೇ ಬಾಕಿ ಹೊಸದರ ಥರ ಕೂತಿರತ್ತೆ. ನಾವು ಬಿಲ್ಲಿಗೇ ಲಿಂಕ್ ಮಾಡೋದ್ರಿಂದ ಬಾಕಿ ದಿನಗಳು ಏಪ್ರಿಲ್ 10ರಿಂದಲೇ ಎಣಿಕೆ ಆಗತ್ತೆ, ಕೊಡಬೇಕಾದ ಕೊನೇ ದಿನ ಮೊದಲಿದ್ದ ಹಾಗೆ ಮೇ 10 ಆಗೇ ಇರತ್ತೆ, ಬೌನ್ಸ್ ಆದ ದಿನದಿಂದ ಇನ್ನೊಂದು 30 ದಿನ ಸಿಗಲ್ಲ. ಇದು ಕೆಲವರಿಗೆ ಇಷ್ಟ ಆಗಲಿಕ್ಕಿಲ್ಲ ಅಂತ ಗೊತ್ತು, ಆದ್ರೆ ಚೆಕ್ ವಾಪಸ್ ಬಂದ್ರೆ ಅವಧಿ ಉದ್ದ ಆಗತ್ತೆ ಅನ್ನೋ ಹಾಗಿದ್ರೆ ಟೈಮಿಗೆ ಕೊಡೋರಿಗೆ ಅದು ನ್ಯಾಯ ಅಲ್ಲ. ಒಂದೇ ಚೆಕ್ಕಲ್ಲಿ ಎರಡ್ಮೂರು ಬಿಲ್ ಸೇರಿಸಿ ಕೊಟ್ಟಿದ್ರೆ ಅಷ್ಟೂ ಬಿಲ್ ಅದರದರ ಹಳೇ ತಾರೀಕಲ್ಲೇ ತೆರೆಯತ್ತೆ.

ಹೊಸ ಬಿಲ್ ಮಾಡಲ್ಲ ಅನ್ನೋದೂ ಹೇಳ್ಬಿಡ್ತೀನಿ. ಮಾಲು ನಿಮಗೆ ಬಂದಿದೆ, ಮಾರಾಟ ಏಪ್ರಿಲ್‌ನಲ್ಲೇ ಆಗಿ ಹೋಗಿದೆ, ಚೆಕ್ ಬೌನ್ಸ್ ಆದ್ರೆ ಮಾರಾಟ ರದ್ದಾಗಲ್ಲ, ಮುಟ್ಟೋದು ಹಣ ಬಂದ ಎಂಟ್ರಿನ ಮಾತ್ರ. ಹಾಗೇ ಬೌನ್ಸ್ ಆದ ತಕ್ಷಣ ಇದನ್ನ ವಸೂಲಾಗದ ಸಾಲ ಅಂತ ಬರೆದು ಹಾಕೋದೂ ಇಲ್ಲ, ಅದು ಬೇರೇನೇ ತೀರ್ಮಾನ, ಕೊಡೋಕೆ ಆಗಲ್ಲ ಅನ್ನೋದಕ್ಕೆ ಗಟ್ಟಿ ಕಾರಣ ಇದ್ದಾಗ ಮಾತ್ರ.

ಇನ್ನು ಆ 350. ಬ್ಯಾಂಕ್ ಕಟ್ ಮಾಡಿದ್ದು ನಮ್ಮ ಖಾತೆಯಿಂದ, ಹಾಗಾಗಿ ಮೊದಲು ಅದು ನಮ್ಮ ಖರ್ಚು, ಬ್ಯಾಂಕ್ ಚಾರ್ಜ್ ಖಾತೆಗೆ ಡೆಬಿಟ್, ಬ್ಯಾಂಕಿಗೆ ಕ್ರೆಡಿಟ್. ಆಮೇಲೆ ಅದನ್ನ ನಿಮ್ಮ ಹತ್ರ ಕೇಳೋದಾದ್ರೆ 350ಕ್ಕೆ ಒಂದು ಡೆಬಿಟ್ ನೋಟ್ ಮಾಡಿ ನಿಮ್ಮ ಖಾತೆಗೆ ಡೆಬಿಟ್, ಬ್ಯಾಂಕ್ ಚಾರ್ಜ್ ಖಾತೆಗೆ ಕ್ರೆಡಿಟ್, ಅಲ್ಲಿಗೆ ನಮ್ಮ ಖರ್ಚು ಸೊನ್ನೆ. ನೇರವಾಗಿ ನಿಮ್ಮ ಖಾತೆಗೇ 39,550 ಅಂತ ಒಟ್ಟು ಹಾಕಿದ್ರೂ ಗಣಿತ ಕೂಡತ್ತೆ, ಆದ್ರೆ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಚೆಕ್ ವಾಪಸ್ ಒಂದು ಸಾಲು, ಚಾರ್ಜ್ ಇನ್ನೊಂದು ಸಾಲು ಇರತ್ತೆ, 39,550 ಅನ್ನೋ ಸಂಖ್ಯೆ ಎಲ್ಲೂ ಇರಲ್ಲ, ಟ್ಯಾಲಿ ಮಾಡೋರು ಅದನ್ನ ಹುಡುಕಿ ಸುಸ್ತಾಗ್ತಾರೆ. ಇನ್ನೊಂದು ಮುಖ್ಯ ಕಾರಣ ನಿಮ್ಮ ಕಡೆಯಿಂದ ನೋಡಿದ್ರೆ ಗೊತ್ತಾಗತ್ತೆ. ನೀವು ಮೇ 9ಕ್ಕೆ 40,000 ಟ್ರಾನ್ಸ್‌ಫರ್ ಮಾಡಿದ್ರಿ, ಚಾರ್ಜ್ ವಿಷಯಕ್ಕೆ ಇನ್ನೂ ತಕರಾರಿದೆ ಅನ್ಕೊಳ್ಳಿ. ಚಾರ್ಜ್ ಬೇರೆ ಸಾಲಲ್ಲಿ ಇದ್ರೆ ಬಿಲ್ ಪೂರ್ತಿ ಕ್ಲೋಸ್ ಆಗತ್ತೆ, ಗಡುವಿನೊಳಗೆ ಕೊಟ್ಟ ಹಾಗೇ ದಾಖಲಾಗತ್ತೆ, 350 ಮಾತ್ರ ಪ್ರತ್ಯೇಕವಾಗಿ ನಿಂತಿರತ್ತೆ, ಅದನ್ನ ನಿಧಾನಕ್ಕೆ ಮಾತಾಡಿ ತೀರ್ಮಾನ ಮಾಡ್ಬಹುದು. ಎಲ್ಲಾ ಒಂದೇ ಸಾಲಲ್ಲಿದ್ರೆ ಪೂರ್ತಿ ಕೊಟ್ಟ ಬಿಲ್ಲೂ ಅರ್ಧಂಬರ್ಧ ಕೊಟ್ಟ ಹಾಗೆ ಕಾಣತ್ತೆ.

ಚಾರ್ಜ್ ಕೇಳೋದು ಬ್ಯಾಂಕ್ ನಮಗೆ ಹಾಕಿದಷ್ಟೇ, ಅದರ ಮೇಲೆ ನಮ್ಮದು ಅಂತ ಏನೂ ಸೇರಿಸಲ್ಲ, ಜೊತೆಗೆ ರಿಟರ್ನ್ ಮೆಮೊ ಕಾಪಿ ಕಳಿಸ್ತೀವಿ. ಚೆಕ್ಕಿನ ಅವಧಿ ಮುಗಿದ ಮೇಲೆ ನಾವು ಬ್ಯಾಂಕಿಗೆ ಹಾಕಿ ವಾಪಸ್ ಬಂದಿದ್ರೆ ಡೆಬಿಟ್ ನೋಟ್ ಬರಲ್ಲ, ಖರ್ಚು ನಮ್ಮದೇ. ಬ್ಯಾಂಕಿನದೇ ತಪ್ಪಾಗಿ ಅವರು ಚಾರ್ಜ್ ವಾಪಸ್ ಕೊಟ್ರೆ ನಾವೂ ಕ್ರೆಡಿಟ್ ನೋಟ್ ಮಾಡಿ 350 ತೆಗೀತೀವಿ, ಡೆಬಿಟ್ ನೋಟ್ ಅಳಿಸಲ್ಲ, ಎರಡೂ ಕಾಣ್ತವೆ.

ಅಂದ್ರೆ ಮೇ ಸ್ಟೇಟ್‌ಮೆಂಟ್‌ನಲ್ಲಿ ಆರಂಭದ ಬಾಕಿ ಸೊನ್ನೆ, ಮೇ 3ಕ್ಕೆ 39,200, 800, 350 ಅಂತ ಮೂರು ಡೆಬಿಟ್, ಒಟ್ಟು 40,350. ನಿಮ್ಮ ಪುಸ್ತಕದಲ್ಲೂ ಇದರ ತದ್ವಿರುದ್ಧ ಇರಬೇಕು. ಚೆಕ್ ಕೊಟ್ಟಾಗ ನಿಮ್ಮ ಬ್ಯಾಂಕಿಗೆ ಕ್ರೆಡಿಟ್ ಹಾಕಿದ್ರಲ್ಲ ಅದನ್ನ ವಾಪಸ್ ಡೆಬಿಟ್ ಮಾಡಿ ನಮ್ಮ ಖಾತೆಗೆ 39,200 ಕ್ರೆಡಿಟ್ ಕೊಡಿ, ಸಿಕ್ಕಿದೆ ಅಂತ ಬರೆದ 800 ಡಿಸ್ಕೌಂಟನ್ನೂ ತೆಗೀರಿ, 350ನ್ನ ಖರ್ಚಿಗೆ ಹಾಕಿ ನಮಗೆ ಕ್ರೆಡಿಟ್ ಕೊಡಿ. ನಿಮ್ಮ ಬ್ಯಾಂಕ್ ಕೂಡ ನಿಮಗೆ ಬೇರೆ ಚಾರ್ಜ್ ಹಾಕಿರ್ಬಹುದು, ಅದು ನಿಮ್ಮ ಖರ್ಚು, ನಮ್ಮ ಖಾತೇಲಿ ಅದು ಬರಬಾರದು, ಬೆರೆಸಿದ್ರೆ ಬ್ಯಾಲೆನ್ಸ್ ಹೊಂದಲ್ಲ.

ಅದೇ ಚೆಕ್ಕನ್ನ ಮತ್ತೆ ಬ್ಯಾಂಕಿಗೆ ಹಾಕಿ ಅಂತ ಕೆಲವರು ಹೇಳ್ತೀರಿ. ಹಾಕ್ಬಹುದು, ಆದ್ರೆ ಆಗ ಉಲ್ಟಾ ಎಂಟ್ರಿನ ತೆಗೆಯಲ್ಲ, ಹೊಸ ತಾರೀಕಿಗೆ ಹೊಸ ರಸೀದಿ ಮಾಡ್ತೀವಿ, ಇನ್ನೊಂದು ಸಲ ವಾಪಸ್ ಬಂದ್ರೆ ಇನ್ನೊಂದು ಚಾರ್ಜೂ ಬೀಳತ್ತೆ. ಟ್ರಾನ್ಸ್‌ಫರ್ ಮಾಡೋದೇ ಒಳ್ಳೇದು ಅಂತ ನಮ್ಮ ಅಭಿಪ್ರಾಯ. ಟ್ರಾನ್ಸ್‌ಫರ್ ಮಾಡುವಾಗ ಬಿಲ್ ನಂಬರ್ ಬರೀರಿ, ಚಾರ್ಜ್ ಸೇರಿಸಿ ಕಳಿಸ್ತಿದ್ರೆ ಡೆಬಿಟ್ ನೋಟ್ ನಂಬರನ್ನೂ ಬರೀರಿ. ದುಡ್ಡು ಕ್ಲಿಯರ್ ಆದ್ಮೇಲೆ ಹಳೇ ಚೆಕ್ಕನ್ನ ನಮ್ಮ ಅಕೌಂಟ್ಸ್‌ನಿಂದ ಸಹಿ ಹಾಕಿ ವಾಪಸ್ ತಗೊಂಡು ಹೋಗಿ, ಮೆಮೊದ ಒಂದು ಕಾಪಿ ಮಾತ್ರ ನಮ್ಮ ಫೈಲಲ್ಲಿ ಇಟ್ಕೋತೀವಿ.

ಇಂತಿ,
ಅಕೌಂಟ್ಸ್ ವಿಭಾಗ