ಪಾರ್ತಿಸುಬ್ಬನನ್ನು ಯಾವ ರಾಜ್ಯಕ್ಕೆ ಸೇರಿಸುತ್ತೀರಿ? ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ,

ನಮಸ್ಕಾರ. ಕುಂಬಳೆಯಲ್ಲಿ ಪ್ರವಾಸಿಗರಿಗಾಗಿ ಹಾಕಲಿರುವ ಫಲಕದ ಕರಡು ನಮ್ಮ ಕಡೆ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿದೆ. ನಿಮಗೂ ಬಂದಿರಬಹುದು. ಅದರಲ್ಲಿ ಪಾರ್ತಿಸುಬ್ಬನ ಬಗ್ಗೆ ಇರುವ ಮೊದಲ ಸಾಲೇ ‘ಕೇರಳದ ಯಕ್ಷಗಾನ ಕವಿ’. ಅದನ್ನು ನೋಡಿ ಸಿಟ್ಟಾದ ಕೆಲವರು ‘ಕರ್ನಾಟಕದ ಕವಿ’ ಎಂದು ತಿದ್ದಬೇಕು ಅಂತ ಸಹಿ ಸಂಗ್ರಹಕ್ಕೆ ಹೊರಟಿದ್ದಾರೆ. ನಾನು ಸಹಿ ಹಾಕಲಿಲ್ಲ. ಎರಡೂ ಒಂದೇ ತಪ್ಪು. ಯಾಕೆ ಎಂದು ಹೇಳುವುದಕ್ಕೇ ಈ ಪತ್ರ.

ಸುಬ್ಬ ಬದುಕಿದ್ದು 18ನೆಯ ಶತಮಾನದಲ್ಲಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಕಾಲದ ಬಗ್ಗೆ ವಿದ್ವಾಂಸರ ನಡುವೆ ಜಗಳ ಇದೆ, ಅದು ಹಾಗೇ ಇರಲಿ. ಯಾವ ಲೆಕ್ಕ ಹಿಡಿದರೂ ಕೇರಳ ರಾಜ್ಯ ಹುಟ್ಟುವ ಎಷ್ಟೋ ಮೊದಲೇ ಆತ ತೀರಿಹೋಗಿದ್ದ. ಆ ರಾಜ್ಯ ಬಂದದ್ದು 1956ರ ನವೆಂಬರ್ 1ರಂದು. ಅಲ್ಲಿಯವರೆಗೆ ನಮ್ಮ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, ಜಿಲ್ಲೆ ಮದ್ರಾಸಿನ ಕೆಳಗಿತ್ತು. ಕಾಸರಗೋಡು ತಾನೇ ಜಿಲ್ಲೆಯಾದದ್ದು 1984ರಲ್ಲಿ. ಇನ್ನು ‘ಕರ್ನಾಟಕ’ ಎಂಬ ಹೆಸರಿನ ರಾಜ್ಯ? 1973ರವರೆಗೆ ಅದು ಮೈಸೂರು. ಕೇರಳ, ಕರ್ನಾಟಕ ಎಂಬ ನಾಡಿನ ಹೆಸರುಗಳು ಹಳೆಯವೇ, ಒಪ್ಪುತ್ತೇನೆ. ಆದರೆ ಫಲಕ ಓದುವವರು ಹಳೆಯ ನಾಡನ್ನು ನೆನೆಯುವುದಿಲ್ಲ. ಇವತ್ತಿನ ನಕ್ಷೆಯಲ್ಲಿರುವ ರಾಜ್ಯವನ್ನೇ ನೆನೆಯುತ್ತಾರೆ.

ಇವತ್ತಿನ ಗಡಿಯನ್ನೇ ನಂಬಿದರೆ ಏನಾಗುತ್ತದೆ ನೋಡಿ. ರಾಜ್ಯಗಳ ಗಡಿ ವಿವಾದ ನೋಡಲು ನೇಮಿಸಿದ್ದ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕು ಎಂದಿತು. ಕುಂಬಳೆ ಇರುವುದು ಹೊಳೆಯ ಉತ್ತರಕ್ಕೇ. ವರದಿ ಜಾರಿಯಾಗಲಿಲ್ಲ. ಆಗಿದ್ದರೆ ಇದೇ ಸುಬ್ಬ, ಇದೇ ಪದಗಳನ್ನು ಬರೆದವನು, ರಾತ್ರೋರಾತ್ರಿ ಕರ್ನಾಟಕದ ಕವಿ ಆಗಿಬಿಡುತ್ತಿದ್ದ. ದೆಹಲಿಯಲ್ಲಿ ಒಂದು ಸಹಿ ಬಿದ್ದರೆ ಬದಲಾಗುವ ಸಂಗತಿ ಸತ್ತವನ ಗುಣ ಹೇಗಾದೀತು? ಅದು ನೆಲದ ಇವತ್ತಿನ ವಿಳಾಸ, ಅಷ್ಟೇ.

ಹಾಗಾದರೆ ಆತನ ಕಾಲದಲ್ಲಿ ಯಾರು ಆಳುತ್ತಿದ್ದರೋ ಅವರ ಲೆಕ್ಕಕ್ಕೆ ಬರೆಯೋಣ ಎಂದು ಕೆಲವರು ಹೇಳುತ್ತಾರೆ. ಕೇಳಲು ಸರಿಯಾಗಿಯೇ ಇದೆ. ಕುಂಬಳೆಯಲ್ಲಿ ಅದನ್ನು ಮಾಡಲು ಹೋದರೆ ಕಷ್ಟ ಗೊತ್ತಾಗುತ್ತದೆ. ಇಲ್ಲಿ ಕುಂಬಳೆ ಸೀಮೆಯ ಅರಸರಿದ್ದರು. ಅವರ ಮೇಲೆ ಕೆಳದಿಯ ನಾಯಕರು. 1763ರಲ್ಲಿ ಕೆಳದಿ ಬಿದ್ದ ಮೇಲೆ ಹೈದರಾಲಿ, ಆಮೇಲೆ ಟಿಪ್ಪು. 1799ರಿಂದ ಕಂಪನಿ ಸರ್ಕಾರ. ಒಂದೇ ಮನೆಯಲ್ಲಿ ಕೂತವನು ತನ್ನ ಆಯುಷ್ಯದಲ್ಲಿ ಮೂರು ಕಡೆಯ ಪ್ರಜೆಯಾಗಬಹುದಿತ್ತು. ಹುಟ್ಟಿದ ವರ್ಷವೇ ಖಚಿತವಿಲ್ಲದ ಕವಿಯನ್ನು ಇವರಲ್ಲಿ ಯಾರ ಕೆಳಗೆ ಹಾಕುತ್ತೀರಿ? ವರ್ಷ ಗೊತ್ತಿದ್ದರೂ ತೊಂದರೆ ತಪ್ಪುವುದಿಲ್ಲ. ತತ್ವಜ್ಞಾನಿ ಕಾಂಟ್ ಹುಟ್ಟಿ, ಬದುಕಿ, ಸತ್ತದ್ದು ಪ್ರಷ್ಯಾದ ಕೋನಿಗ್ಸ್‌ಬರ್ಗಿನಲ್ಲಿ. 1758ರಿಂದ 1762ರವರೆಗೆ ಆ ಊರು ರಷ್ಯಾದ ಕೈಯಲ್ಲಿತ್ತು. ಪ್ರಾಧ್ಯಾಪಕ ಹುದ್ದೆಗಾಗಿ ಆತ ರಷ್ಯಾದ ಮಹಾರಾಣಿಗೇ ಅರ್ಜಿ ಬರೆದಿದ್ದ. ಎರಡನೆಯ ಮಹಾಯುದ್ಧದ ಕೊನೆಗೆ ಊರು ಸೋವಿಯತ್ ಕೈಗೆ ಹೋಯಿತು, 1946ರಲ್ಲಿ ಕಲಿನಿನ್‌ಗ್ರಾಡ್ ಆಯಿತು. ಈಗ ಆತನ ಸಮಾಧಿ ಇರುವುದು ರಷ್ಯಾದಲ್ಲಿ. ಆದರೂ ಕಾಂಟ್ ರಷ್ಯಾದ ತತ್ವಜ್ಞಾನಿ ಎಂದು ಯಾವ ಪಠ್ಯಪುಸ್ತಕವೂ ಸುಮ್ನೆ ಬರೆದುಬಿಡುವುದಿಲ್ಲ ಅಲ್ವಾ? ಆಳಿದವರ ಹೆಸರು ಬರೆಯಬಹುದು. ಅದು ಒಂದೇ ಸಾಕಾಗುವುದಿಲ್ಲ.

ಉಳಿಯುವುದು ಏನು? ಬರೆದವನೇ ಬಿಟ್ಟುಹೋದ ಗುರುತು. ಸುಬ್ಬನ ವಿಷಯದಲ್ಲಿ ಅದು ಚೆನ್ನಾಗಿಯೇ ಉಳಿದಿದೆ. ಆತ ನೆನೆಯುವ ದೇವರು ಕಣಿಪುರದ ಗೋಪಾಲಕೃಷ್ಣ, ಅಂದರೆ ಕುಂಬಳೆ ದೇವಸ್ಥಾನದ ಕೃಷ್ಣ. ಬರೆದ ಭಾಷೆ ಕನ್ನಡ. ಪಂಚವಟಿ, ವಾಲಿ ಸುಗ್ರೀವರ ಕಾಳಗ, ಸೇತುಬಂಧನ ಎಂದು ರಾಮಾಯಣದ ಪ್ರಸಂಗಗಳನ್ನು ಕಟ್ಟಿದ. ಘಟ್ಟದ ಕೆಳಗಿನ ಮೇಳಗಳು ಅವನ್ನು ಇಂದಿಗೂ ಆಡುತ್ತವೆ. ಆತ ತಾನು ಯಾವ ರಾಜ್ಯದವನೆಂದು ಹೇಳಲು ಹೋಗಲಿಲ್ಲ. ಹೇಳಿಕೊಂಡದ್ದು ತನ್ನ ದೇವರ ಊರನ್ನು. ಫಲಕದಲ್ಲಿ ಮೊದಲು ಬರಬೇಕಾದದ್ದೂ ಅದೇ.

ಇಲ್ಲಿ ನಮ್ಮ ಕನ್ನಡದವರಿಗೂ ಒಂದು ಮಾತು ಹೇಳಬೇಕು. ಸುಬ್ಬನ ಪ್ರಸಂಗಗಳಿಗೂ ಕೊಟ್ಟಾರಕ್ಕರ ತಂಬುರಾನ್ ಬರೆದ ರಾಮನಾಟ್ಟ ಎಂಬ ಮಲಯಾಳದ ಆಟದ ಕೃತಿಗಳಿಗೂ ಹೋಲಿಕೆ ಇದೆ. ಇದನ್ನು ಎತ್ತಿ ತೋರಿಸಿದವರು ಮಲಯಾಳಿಗಳಲ್ಲ, ನಮ್ಮವರೇ ಆದ ಕುಕ್ಕಿಲ ಕೃಷ್ಣ ಭಟ್ಟರು. ಅಂದರೆ ಸುಬ್ಬನಿಗೆ ತೆಂಕಣ ಕಡೆಯ ಆಟವೂ ಗೊತ್ತಿದ್ದಿರಬೇಕು. ‘ಕೇರಳಕ್ಕೂ ಆತನಿಗೂ ಏನೂ ಸಂಬಂಧವಿಲ್ಲ’ ಎಂಬ ಸಹಿ ಸಂಗ್ರಹದ ಮಾತು ಅದಕ್ಕೇ ನನಗೆ ಹಿಡಿಸಲಿಲ್ಲ. ಸಂಬಂಧ ಇದೆ. ಅದು ಆತ ಕಂಡ ರಂಗದಿಂದ ಬಂದದ್ದು, 1956ರ ಕಾಯ್ದೆಯಿಂದ ಬಂದದ್ದಲ್ಲ. ಜಾಗ ಇದ್ದರೆ ಆ ಸಂಗತಿಯೂ ಫಲಕದಲ್ಲಿ ಬರಲಿ. ಮಲಯಾಳದಲ್ಲಿ ಓದುವವರಿಗೆ ಆತ ಇನ್ನೂ ಹತ್ತಿರವಾಗುತ್ತಾನೆ.

ಎಲ್ಲರಿಗೂ ಇದೇ ಲೆಕ್ಕ ಹಾಕಲು ಆಗುವುದಿಲ್ಲ. ಮಂಜೇಶ್ವರದ ಗೋವಿಂದ ಪೈಗಳನ್ನು ನೋಡಿ. 1883ರಲ್ಲಿ ಮಂಜೇಶ್ವರದಲ್ಲೇ ಹುಟ್ಟಿದರು. ಅವರಿಗೆ ರಾಷ್ಟ್ರಕವಿ ಬಿರುದು ಕೊಟ್ಟದ್ದು ಬೆಂಗಳೂರೂ ಅಲ್ಲ, ತಿರುವನಂತಪುರವೂ ಅಲ್ಲ, 1949ರಲ್ಲಿ ಮದ್ರಾಸ್ ಸರ್ಕಾರ. ತೀರಿಕೊಂಡದ್ದು 1963ರಲ್ಲಿ. ಕೊನೆಯ ಏಳು ವರ್ಷ ಅವರ ಮನೆ ಕೇರಳದಲ್ಲೇ ಇತ್ತು. ಅವರು ಕೇರಳದಲ್ಲಿ ಬದುಕಿದರು ಎಂದರೆ ಸುಳ್ಳಲ್ಲ. ಅಷ್ಟನ್ನೇ ಹೇಳಿ ನಿಲ್ಲಿಸಿದರೆ ಅರ್ಧ ಸತ್ಯ. ಕಯ್ಯಾರ ಕಿಞ್ಞಣ್ಣ ರೈಗಳ ಸಂಗತಿ ಇನ್ನೂ ಬೇರೆ. ಅವರು ಕೇರಳದಲ್ಲೇ ಸುಮಾರು ಅರವತ್ತು ವರ್ಷ ಬದುಕಿದರು, ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ಹೋರಾಡಿದರು. ಅಂಥವರ ಬಗ್ಗೆ ಬರೆಯುವಾಗ ಅವರ ಮಾತನ್ನು ಬಿಟ್ಟು ನಾವು ತೀರ್ಮಾನ ಮಾಡುವಂತಿಲ್ಲ. ಒಂದು ಸಂಗತಿ ಮರೆಯಬಾರದು: ಇವರಿಬ್ಬರೂ ಕಾನೂನಿನ ಪ್ರಕಾರ ಭಾರತದ ಪ್ರಜೆಗಳು. ನಮ್ಮ ದೇಶದಲ್ಲಿ ಪೌರತ್ವ ಒಂದೇ, ರಾಜ್ಯಕ್ಕೊಂದು ಬೇರೆ ಪೌರತ್ವ ಇಲ್ಲ.

ಗೋಜಲು ಶುರುವಾಗುವುದು ಎಲ್ಲಿಂದ ಗೊತ್ತಾ? ಮಾಹಿತಿ ತುಂಬುವ ಫಾರಂನಿಂದ. ಅದರಲ್ಲಿ ‘ರಾಜ್ಯ’ ಎಂದು ಒಂದೇ ಖಾನೆ ಇರುತ್ತದೆ. ಗುಮಾಸ್ತರ ತಪ್ಪಿಲ್ಲ, ಖಾಲಿ ಬಿಟ್ಟರೆ ಅರ್ಜಿ ಮುಂದೆ ಹೋಗುವುದಿಲ್ಲ. ಪಿನ್‌ಕೋಡ್ ನೋಡಿ ಕೇರಳ ಎಂದು ತುಂಬುತ್ತಾರೆ. ಅಲ್ಲಿಂದ ಅದು ಫಲಕಕ್ಕೆ, ಪುಸ್ತಿಕೆಗೆ, ಶಾಲೆಯ ಕ್ವಿಜ್‌ಗೆ ಇಳಿಯುತ್ತದೆ. ತಪ್ಪು ಹಿಡಿಯುವುದು ಸುಲಭ. ಆ ರಾಜ್ಯ ಹುಟ್ಟಿದ ವರ್ಷವನ್ನೂ ವ್ಯಕ್ತಿ ತೀರಿಕೊಂಡ ಕಾಲವನ್ನೂ ಪಕ್ಕದಲ್ಲಿಟ್ಟು ನೋಡಿ. ರಾಜ್ಯ ಆಮೇಲೆ ಹುಟ್ಟಿದ್ದರೆ ಅದರ ಹೆಸರು ಊರಿನ ಪಕ್ಕದಲ್ಲಿ, ‘ಇಂದಿನ’ ಎಂಬ ಮಾತಿನ ಜೊತೆ ಬರಬೇಕು. ವ್ಯಕ್ತಿಯ ಹೆಸರಿನ ಹಿಂದೆ ಬರಬಾರದು.

ಫಲಕದ ಸಾಲನ್ನು ನಾನು ಹೀಗೆ ಬರೆಯುತ್ತಿದ್ದೆ:

‘ಪಾರ್ತಿಸುಬ್ಬ. ಕನ್ನಡದ ಯಕ್ಷಗಾನ ಕವಿ. ಊರು ಕುಂಬಳೆ (ಆಗ ಕುಂಬಳೆ ಸೀಮೆ, ಇಂದಿನ ಕೇರಳದ ಕಾಸರಗೋಡು ಜಿಲ್ಲೆ). ಕಾಲ: 18ನೆಯ ಶತಮಾನ ಎಂಬುದು ರೂಢಿಯ ಅಭಿಪ್ರಾಯ.’

ಇದರಲ್ಲಿ ಯಾವ ರಾಜ್ಯಕ್ಕೂ ಅನ್ಯಾಯ ಇಲ್ಲ. ನಾಳೆ ಗಡಿ ಬದಲಾದರೂ ‘ಇಂದಿನ’ ಎಂಬುದರ ಮುಂದಿನ ಮಾತು ಮಾತ್ರ ತಿದ್ದಿದರೆ ಸಾಕು.

ನಿಮ್ಮಲ್ಲಿ ಕೇಳುವುದು ಇಷ್ಟೇ. ಅಚ್ಚಿಗೆ ಹೋಗುವ ಮೊದಲು ಆ ಕರಡನ್ನು ಕನ್ನಡ, ಮಲಯಾಳ ಎರಡರಲ್ಲೂ ಪಂಚಾಯತಿನಲ್ಲಿ ಹದಿನೈದು ದಿನ ಜನರಿಗೆ ನೋಡಲು ಇಡಿಸಿ. ಸಂಬಂಧಪಟ್ಟ ಇಲಾಖೆಗೆ ಹೇಳಿ ಫಾರಂನಲ್ಲಿ ‘ಆಗಿನ ಆಡಳಿತ’ ಎಂದು ಇನ್ನೊಂದು ಖಾನೆ ಹಾಕಿಸಿ. ಆ ಖಾನೆ ಖಾಲಿ ಬಿಟ್ಟರೂ ಅರ್ಜಿ ಮುಂದೆ ಹೋಗುವಂತಿರಲಿ.

ಇತಿ,
ಕುಂಬಳೆಯ ಒಬ್ಬ ಮತದಾರ